ನೀರಿಗೆ ಬೆಲೆಯಿಲ್ಲದ ಲೆಕ್ಕ

ವಾಕಡದಲ್ಲಿ ನಮ್ಮ ಮನೆಗೆ ಹಾಲು ತರುವ ಕಾಕಾ ಮಾವಳದ ಕಡೆಯವರು. ಮನೆಮನೆಗೆ ಕೊಟ್ಟು ಉಳಿದ ಹಾಲನ್ನು ಅವರು ಊರಿನ ಸಹಕಾರ ಸಂಘಕ್ಕೆ ಹಾಕುತ್ತಾರೆ. ಆ ಸಂಘ ಸದಸ್ಯರಿಗೆಲ್ಲ ಕಳಿಸಿದ ಒಂದು ಮರಾಠಿ ಪತ್ರ ಅವರ ಫೋನಿನಿಂದ ನನ್ನ ಫೋನಿಗೆ ಬಂತು. ಎರಡೇ ಪುಟ. ಮೊದಲ ಪುಟದಲ್ಲಿ ಹಾಲಿನ ದರ ಹೇಗೆ ನಿಗದಿಯಾಗುತ್ತದೆ ಎಂಬ ವಿವರಣೆ, ಎರಡನೆಯದರಲ್ಲಿ ಪುಟದ ತುಂಬ ಅಂಕಿಗಳ ಚೌಕ. ಎಡಗಡೆ ಮೇಲಿನಿಂದ ಕೆಳಕ್ಕೆ ಫ್ಯಾಟು, ತಲೆಯ ಮೇಲೆ ಅಡ್ಡಡ್ಡಲಾಗಿ ಎಸ್‌ಎನ್‌ಎಫ್. ಎರಡೂ ಸಾಲು ಕೂಡುವ ಮನೆಯಲ್ಲಿ ಒಂದು ಲೀಟರಿಗೆ ಸಿಗುವ ರೂಪಾಯಿ, ಪೈಸೆ. ಇಂಥ ಪಟ್ಟಿಯನ್ನು ಯಾರೂ ಓದಿ ಸವಿಯುವುದಿಲ್ಲ. ತಮ್ಮ ಮನೆಯ ಅಂಕಿ ಎಲ್ಲಿದೆಯೋ ಅಲ್ಲಿ ಬೆರಳಿಟ್ಟು ನೋಡಿ ಎದ್ದುಹೋಗುತ್ತಾರೆ. ನನಗೆ ಮಾತ್ರ ಇಡೀ ಚೌಕವನ್ನು ನಿಧಾನವಾಗಿ ನೋಡುವ ಆಸೆಯಾಯಿತು. ನೋಡುತ್ತ ಹೋದಂತೆ ಇದನ್ನು ಕಟ್ಟಿದವರ ಜಾಣತನ ಎಷ್ಟು ಚೆಲುವಾದದ್ದೆಂದು ಹೊಳೆಯಿತು. ಅದು ಎಲ್ಲಿ ಸೊಟ್ಟಗಾಗಿದೆ ಎನ್ನುವುದೂ ಕಂಡಿತು.

ಹಾಲಿನಲ್ಲಿ ನೂರಕ್ಕೆ ಎಂಬತ್ತೇಳು, ಎಂಬತ್ತೆಂಟು ಪಾಲು ನೀರೇ. ಉಳಿದದ್ದರಲ್ಲಿ ಬೆಣ್ಣೆಯಾಗುವ ಜಿಡ್ಡು ಒಂದು ಭಾಗ. ಪ್ರೋಟೀನು, ಹಾಲುಸಕ್ಕರೆ, ಖನಿಜ ಎಲ್ಲ ಸೇರಿ ಇನ್ನೊಂದು ಭಾಗ. ಈ ಎರಡನೆಯದೇ ಎಸ್‌ಎನ್‌ಎಫ್, ಅಂದರೆ ಜಿಡ್ಡೇತರ ಘನಾಂಶ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಹಸುವಿನ ಹಾಲಿನ ಮಾತು ಬಂದರೆ ಮೂರೂವರೆ, ಎಂಟೂವರೆ ಎನ್ನುವುದು ಜಪದಂತೆ ಬಾಯಲ್ಲಿ ಬರುತ್ತದೆ: ಫ್ಯಾಟು 3.5, ಎಸ್‌ಎನ್‌ಎಫ್ 8.5. 2024ರ ಜುಲೈಯಲ್ಲಿ ಮಹಾರಾಷ್ಟ್ರ ಸರ್ಕಾರ, ಡೇರಿಗಳು ಲೀಟರಿಗೆ 30 ರೂಪಾಯಿ ಕೊಡಬೇಕು, ಅದರ ಮೇಲೆ ತಾನು 5 ರೂಪಾಯಿ ಸಹಾಯಧನ ಕೊಡುತ್ತೇನೆ ಎಂದಾಗಲೂ ಆ ಮಾತು ನಿಂತದ್ದು ಈ 3.5, 8.5ರ ಮೇಲೆಯೇ.

ಪತ್ರದ ಹೃದಯ ಇರುವುದು ಒಂದೇ ಸಾಲಿನಲ್ಲಿ. ಹಾಲಿಗೆ ದರವಿಲ್ಲ, ಹಾಲಿನಲ್ಲಿರುವ ಒಂದು ಕಿಲೋ ಫ್ಯಾಟಿಗೆ ಇಷ್ಟು, ಒಂದು ಕಿಲೋ ಎಸ್‌ಎನ್‌ಎಫ್‌ಗೆ ಅದರ ಮೂರರಲ್ಲಿ ಎರಡು ಪಾಲು. ಹೈನುಗಾರಿಕೆಯವರು ಇದನ್ನು ಎರಡು ಅಕ್ಷದ ದರ ಎನ್ನುತ್ತಾರೆ. ಲೆಕ್ಕ ಸಲೀಸಾಗಲೆಂದು ನಾನೇ ಒಂದು ದರ ಇಟ್ಟುಕೊಳ್ಳುತ್ತೇನೆ: ಫ್ಯಾಟು ಕಿಲೋಗೆ 360 ರೂಪಾಯಿ, ಎಸ್‌ಎನ್‌ಎಫ್ ಕಿಲೋಗೆ 240. ನೂರು ಕಿಲೋ ಹಸುವಿನ ಹಾಲಿನಲ್ಲಿ ಮೂರೂವರೆ ಕಿಲೋ ಫ್ಯಾಟು, ಅದಕ್ಕೆ 1260 ರೂಪಾಯಿ. ಎಂಟೂವರೆ ಕಿಲೋ ಎಸ್‌ಎನ್‌ಎಫ್, ಅದಕ್ಕೆ 2040. ಒಟ್ಟು 3300, ಅಂದರೆ ಕಿಲೋಗೆ 33 ರೂಪಾಯಿ. ರೈತರ ಬಾಯಲ್ಲಿ ಸದಾ ಫ್ಯಾಟಿನದೇ ಮಾತು. ಆದರೆ ಹಸುವಿನ ಹಾಲಿನಲ್ಲಿ ಹೆಚ್ಚು ದುಡ್ಡು ಬರುತ್ತಿರುವುದು ಮಾತಿಗೇ ಸಿಗದ ಎಸ್‌ಎನ್‌ಎಫ್‌ನಿಂದ. ಎಮ್ಮೆಯ ಹಾಲು 6.0, 9.0 ಇದ್ದರೆ ಇದೇ ದರದಲ್ಲಿ ಫ್ಯಾಟಿಗೆ 21 ರೂಪಾಯಿ 60 ಪೈಸೆ, ಎಸ್‌ಎನ್‌ಎಫ್‌ಗೂ 21 ರೂಪಾಯಿ 60 ಪೈಸೆ. ಎರಡು ತಟ್ಟೆಯೂ ಸರಿಸಮ ತೂಗಿ ನಿಲ್ಲುವ ಆ ಒಂದು ಮನೆಯನ್ನು ಪಟ್ಟಿಯಲ್ಲಿ ಹುಡುಕಿ ನೋಡಿದಾಗ ಒಂದು ಬಗೆಯ ಖುಷಿಯಾಯಿತು.

ಈಗ ಒಂದು ಕಳ್ಳತನ ಮಾಡಿ ನೋಡೋಣ. ಹತ್ತು ಕಿಲೋ ಹಾಲಿಗೆ ಒಂದು ಕಿಲೋ ನೀರು ಬೆರೆಸಿದರೆ ಹನ್ನೊಂದು ಕಿಲೋ ಆಯಿತು. ಫ್ಯಾಟು 3.5ರಿಂದ 3.18ಕ್ಕೆ ಇಳಿಯಿತು, ಎಸ್‌ಎನ್‌ಎಫ್ 8.5ರಿಂದ 7.73ಕ್ಕೆ. ಸೂತ್ರದ ಪ್ರಕಾರ ಹೊಸ ದರ ಕಿಲೋಗೆ ಸರಿಯಾಗಿ 30 ರೂಪಾಯಿ. ಹನ್ನೊಂದು ಕಿಲೋಗೆ 330. ನೀರು ಬೆರೆಸುವ ಮೊದಲು ಹತ್ತು ಕಿಲೋಗೆ ಸಿಗುತ್ತಿದ್ದದ್ದೂ 330. ನೀರು ಬೆರೆಸಿದವನಿಗೆ ಒಂದು ಪೈಸೆ ಲಾಭವಿಲ್ಲ, ಒಂದು ಪೈಸೆ ದಂಡವೂ ಇಲ್ಲ. ಯಾರನ್ನೂ ಬೈಯದೆ, ಕಾವಲಿಗೆ ಯಾರನ್ನೂ ನಿಲ್ಲಿಸದೆ, ಬರೀ ಗುಣಾಕಾರದಿಂದಲೇ ನೀರಿನ ಬೆಲೆಯನ್ನು ಸೊನ್ನೆ ಮಾಡಿಬಿಟ್ಟಿದೆ ಈ ಸೂತ್ರ. ನಾನು ಬೇರೆ ಬೇರೆ ಪ್ರಮಾಣದ ನೀರು ಹಾಕಿ ಲೆಕ್ಕ ಮಾಡಿ ನೋಡಿದೆ. ಪ್ರತಿಸಲವೂ ಅದೇ 330.

ಎರಡನ್ನೂ ಅಳೆಯಬೇಕೇ, ಒಂದು ಸಾಲದೇ ಎಂದು ಕೇಳಬಹುದು. ಲ್ಯಾಕ್ಟೋಮೀಟರ್ ಒಂದನ್ನೇ ನಂಬಿದ್ದ ಕಾಲದ ಕೈಚಳಕ ಇದಕ್ಕೆ ಉತ್ತರ. ಜಿಡ್ಡು ನೀರಿಗಿಂತ ಹಗುರ, ಉಳಿದ ಘನಾಂಶ ನೀರಿಗಿಂತ ಭಾರ. ಕೆನೆ ತೆಗೆದರೆ ಹಾಲು ಮೊದಲಿಗಿಂತ ದಟ್ಟವಾಗಿ ಲ್ಯಾಕ್ಟೋಮೀಟರ್ ಮೇಲೇಳುತ್ತದೆ, ನೀರು ಹಾಕಿದರೆ ಅದು ಮುಳುಗುತ್ತದೆ. ಹಾಗಾಗಿ ಕೆನೆ ತೆಗೆದು, ತೆಗೆದಷ್ಟಕ್ಕೆ ಹೊಂದುವಂತೆ ನೀರು ಸೇರಿಸಿದರೆ ಡಿಗ್ರಿ ಇದ್ದಲ್ಲೇ ಇರುತ್ತದೆ. ಎರಡು ಸಲ ಮೋಸ ಹೋದ ಹಾಲು ಪ್ರಾಮಾಣಿಕ ಹಾಲಿನಂತೆ ತೇಲುತ್ತದೆ. ಫ್ಯಾಟನ್ನೊಂದೇ ಅಳೆದು ದರ ಕೊಟ್ಟರೆ ಬೇರೆ ಅನ್ಯಾಯ: ತೆಳು ಕೆನೆಯ ಹಸುವನ್ನು ಕಟ್ಟಿದವನ ಪ್ರೋಟೀನಿಗೆ, ಹಾಲುಸಕ್ಕರೆಗೆ ಏನೂ ಸಿಗುವುದಿಲ್ಲ. ಎರಡನ್ನೂ ಒಟ್ಟಿಗೆ ಅಳೆದಾಗ ಮಾತ್ರ ಕೆನೆಗಳ್ಳನೂ ಸಿಕ್ಕಿಬೀಳುತ್ತಾನೆ, ಹಸುವಿನವನಿಗೂ ನ್ಯಾಯ ಸಿಗುತ್ತದೆ.

ಫ್ಯಾಟು ಅಳೆಯುವ ಹಳೆಯ ವಿಧಾನವನ್ನು ನೋಡದವರು ಒಮ್ಮೆ ನೋಡಬೇಕು. ಈಗ ಬಹುಪಾಲು ಸಂಘಗಳಲ್ಲಿ ಯಂತ್ರದ ಕೊಳವೆಗೆ ಹಾಲು ತೋರಿಸಿದರೆ ನಿಮಿಷದೊಳಗೆ ಚೀಟಿ ಬರುತ್ತದೆ. ಆದರೆ ತಕರಾರು ಬಂದಾಗ ಪಂಚಾಯಿತಿ ಸೇರುವುದು ಇಂದಿಗೂ ಗೆರ್ಬರ್ ಪರೀಕ್ಷೆಯ ಎದುರೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗೆರ್ಬರ್ ರೂಪಿಸಿದ ಪರೀಕ್ಷೆ ಇದು. ಬ್ಯುಟಿರೋಮೀಟರ್ ಎಂಬ ಗಾಜಿನ ಬುರುಡೆ, ಅದರ ಸಪೂರ ಕುತ್ತಿಗೆಯ ಮೇಲೆ ಅಂಕಿಗಳ ಗೀರು. ಅದಕ್ಕೆ ಹತ್ತು ಮಿಲಿ ಗಂಧಕಾಮ್ಲ ಹೊಯ್ದು, ಗೋಡೆಯಗುಂಟ ಮೆಲ್ಲಗೆ 10.75 ಮಿಲಿ ಹಾಲು ಇಳಿಸಿ, ಒಂದು ಮಿಲಿ ಅಮೈಲ್ ಆಲ್ಕೊಹಾಲು ಸೇರಿಸಿ ಬಿರಡೆ ಬಿಗಿಯುತ್ತಾರೆ. ಮೊದಲು ಆಮ್ಲದ ಮೇಲೆ ಹಾಲು ಬೆಳ್ಳಗೆ ಪದರವಾಗಿ ಕೂತಿರುತ್ತದೆ. ಅಲುಗಿಸಿದ ಕೂಡಲೇ ಬುರುಡೆ ಬಟ್ಟೆಯಿಲ್ಲದೆ ಹಿಡಿಯಲಾಗದಷ್ಟು ಕಾಯುತ್ತದೆ; ಹಾಲಿನ ಮೊಸರಂಥ ಭಾಗವೆಲ್ಲ ಕರಗಿ ಬಿಳುಪು ಕಂದಾಗಿ, ಕಂದು ಕಾಫಿ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ನಿಮಿಷಕ್ಕೆ ಸುಮಾರು 1100 ಸುತ್ತಿನ ವೇಗದಲ್ಲಿ ನಾಲ್ಕೈದು ನಿಮಿಷ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿ ನಿಲ್ಲಿಸಿ ಹೊರತೆಗೆದರೆ, ಕುತ್ತಿಗೆಯೊಳಗೆ ಜಿಡ್ಡು ಒಂದು ಕಂಬವಾಗಿ ನಿಂತಿರುತ್ತದೆ. ತಿಳಿಯಾದ, ಹೊಸ ತುಪ್ಪದ ಹಳದಿ. ಕೆಳಗೆ ಕಡುಕಪ್ಪು ದ್ರವ, ಮೇಲೆ ಬಂಗಾರದ ಕಂಬ, ನಡುವೆ ಕೂದಲೆಳೆಯಷ್ಟು ಸ್ಪಷ್ಟವಾದ ಗೆರೆ. ಕಂಬದ ಬುಡ ಮತ್ತು ತುದಿಯ ನಡುವಿನ ಗೀರು ಎಣಿಸಿದರೆ ಅದೇ ಫ್ಯಾಟು.

ಆ ಗೆರೆಯ ಸ್ವಚ್ಛತೆಯೇ ಪರೀಕ್ಷೆಯ ಪ್ರಾಮಾಣಿಕತೆಗೆ ಸಾಕ್ಷಿ. ಕಂಬದ ಬುಡದಲ್ಲಿ ಕರಿಚುಕ್ಕೆಗಳು ಕಂಡರೆ ಆಮ್ಲ ಅತಿ ತೀಕ್ಷ್ಣವಾಗಿ ಹಾಲನ್ನು ಸುಟ್ಟಿದೆ; ಬಿಳಿ ಚೂರುಗಳು ಕಂಡರೆ ಆಮ್ಲ ಸಪ್ಪೆಯಾಗಿ ಎಲ್ಲವನ್ನೂ ಕರಗಿಸಿಲ್ಲ. ಎರಡರಲ್ಲೂ ಆ ಅಂಕಿಯನ್ನು ಒಪ್ಪಬಾರದು. ಪರೀಕ್ಷೆ ಮಾಡುವವನ ಕೈ ಹೇಗಿತ್ತೆಂದು ಪರೀಕ್ಷೆಯೇ ಹೇಳಿಬಿಡುತ್ತದೆ. ಯಂತ್ರದ ಚೀಟಿಗೆ ಆ ಗುಣವಿಲ್ಲ.

ಪತ್ರದಲ್ಲಿ ಫ್ಯಾಟಿನ ಬಗ್ಗೆ ರೈತರಿಗೆ ಕೊಟ್ಟ ಸೂಚನೆಗಳು ಚಿಕ್ಕವು. ಅವುಗಳಲ್ಲಿ ಒಂದನ್ನು ಚಿಕ್ಕೋಡಿ ಕಡೆಯ ನನ್ನ ಅತ್ತೆಗೆ ಓದಿ ಹೇಳಿದೆ: ಕೆಚ್ಚಲನ್ನು ಪೂರ್ತಿ ಬರಿದು ಮಾಡಿ ಹಿಂಡಿ. ಅವರು ನಕ್ಕರು. "ಇದನ್ನ ಕಾಗದದಾಗ ಬರೀಬೇಕೇನು? ಕಡೀ ಹಾಲಿನ್ಯಾಗ ಬೆಣ್ಣಿ ಇರ್ತೈತಿ. ಅದನ್ನ ಕರಕ್ಕ ಬಿಟ್ಟು, ಫ್ಯಾಟ್ ಬಿದ್ದೈತಿ ಅಂತ ಡೇರಿಯಾಂವಗ ಬೈದ್ರ ಏನ್ ಬಂತು?" ಮಾತು ನಿಜ. ಕೆಚ್ಚಲಲ್ಲಿ ನಿಂತ ಹಾಲಿನಲ್ಲಿ ಜಿಡ್ಡು ಹಿಂದುಳಿಯುತ್ತದೆ. ಮೊದಲ ಧಾರೆಗಳಲ್ಲಿ ಅದು ಒಂದೆರಡು ಪ್ರತಿಶತವೂ ಇರಲಿಕ್ಕಿಲ್ಲ, ಕೊನೆಯ ಧಾರೆಗಳಲ್ಲಿ ಅದರ ಹಲವು ಪಟ್ಟು. ಮೊದಲ ಹಾಲನ್ನು ಕರುವಿಗೆ ಬಿಟ್ಟರೆ ಡೇರಿಯಲ್ಲಿ ಒಂದು ಅಂಕಿ, ಕೊನೆಯ ಹಾಲನ್ನು ಬಿಟ್ಟರೆ ಇನ್ನೊಂದು. ಹಸು ಅದೇ, ಮೇವೂ ಅದೇ. ಕರು ಯಾವುದನ್ನು ಕುಡಿಯಬೇಕು ಎನ್ನುವುದಕ್ಕೆ ದರಪಟ್ಟಿ ಉತ್ತರಿಸುವುದಿಲ್ಲ, ಉತ್ತರಿಸಲೂಬಾರದು. ಹಾಗೆಯೇ ಸಂಜೆ ಮತ್ತು ಬೆಳಗಿನ ನಡುವಿನ ಅಂತರ ಉದ್ದವಾದರೆ ಬೆಳಗ್ಗೆ ಹಾಲು ಹೆಚ್ಚು, ಫ್ಯಾಟು ಕಡಿಮೆ. ಬೆಳಗಿನ ಚೀಟಿ ಹಿಡಿದು ಯಂತ್ರ ಕೆಟ್ಟಿದೆ ಎಂದು ಜಗಳಕ್ಕೆ ಹೋಗುವವರು ಸಂಜೆಯ ಚೀಟಿಯನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು.

ಕ್ಯಾನನ್ನು ಕಲಕಿ ಮಾದರಿ ತೆಗೆಯಬೇಕೆಂಬುದು ಇನ್ನೊಂದು ಸೂಚನೆ. ಅರ್ಧ ಗಂಟೆ ನಿಂತ ಹಾಲಿನಲ್ಲೂ ಜಿಡ್ಡು ಮೇಲೇರತೊಡಗುತ್ತದೆ. ಮೇಲಿನಿಂದ ಸೌಟಿನಲ್ಲಿ ತೆಗೆದರೆ ರೈತನಿಗೆ ಸಲ್ಲದ ಲಾಭ, ತಳದಿಂದ ತೆಗೆದರೆ ಸಲ್ಲದ ನಷ್ಟ. ಎಷ್ಟೇ ಸೂಕ್ಷ್ಮದ ಯಂತ್ರವಿರಲಿ, ಕಲಕದ ಕ್ಯಾನಿನ ಮುಂದೆ ಅದು ಕುರುಡು.

ಎಸ್‌ಎನ್‌ಎಫ್‌ನ ಕಥೆ ಬೇರೆ. ಯಂತ್ರವಿಲ್ಲದ ಕಡೆ ಅದನ್ನು ನೇರವಾಗಿ ಯಾರೂ ಅಳೆಯುವುದಿಲ್ಲ, ಲೆಕ್ಕ ಹಾಕಿ ತೆಗೆಯುತ್ತಾರೆ. ಲ್ಯಾಕ್ಟೋಮೀಟರಿನ ಡಿಗ್ರಿಯನ್ನು ಹಾಲಿನ ಬಿಸಿಗೆ ತಕ್ಕಂತೆ ಸರಿಪಡಿಸಿಕೊಂಡು, ಅದರ ನಾಲ್ಕನೇ ಒಂದು ಭಾಗ, ಅದಕ್ಕೆ ಫ್ಯಾಟಿನ ಐದನೇ ಒಂದು ಭಾಗ, ಕೊನೆಗೆ ಒಂದು ಪುಟ್ಟ ಸ್ಥಿರಸಂಖ್ಯೆ. ಡಿಗ್ರಿ 30, ಫ್ಯಾಟು 3.5 ಎಂದಾದರೆ ಏಳೂವರೆ, ಅದಕ್ಕೆ 0.7, ಅದಕ್ಕೆ ನಮ್ಮಲ್ಲಿ ಹಲವೆಡೆ ಕಾಣುವ 0.36; ಒಟ್ಟು 8.56. ಮೂಲದಲ್ಲಿ ಈ ಸೂತ್ರ ಇಂಗ್ಲೆಂಡಿನ ರಿಚ್‌ಮಂಡ್ ಎಂಬವರದು, ಅಲ್ಲಿನ ಲ್ಯಾಕ್ಟೋಮೀಟರಿಗೆ ಅವರು ಇಟ್ಟ ಸ್ಥಿರಸಂಖ್ಯೆ 0.14. ಅದನ್ನು ಇಟ್ಟರೆ ಇದೇ ಹಾಲು 8.34. ಯಾವ ಬಿಸಿಗೆ ಗುರುತು ಹಾಕಿದ ಲ್ಯಾಕ್ಟೋಮೀಟರೋ ಅದಕ್ಕೆ ಹೊಂದುವ ಸಂಖ್ಯೆಯನ್ನೇ ಬಳಸಬೇಕು. ಇಲ್ಲವಾದರೆ ಹಸು ಏನೂ ಮಾಡದೆ ಎರಡು ಪಾಯಿಂಟು ಕಳೆದುಕೊಳ್ಳುತ್ತದೆ. ಇಷ್ಟೆಲ್ಲ ವಿವರಿಸಿದ ಪತ್ರ ಈ ಪುಟ್ಟ ಸಂಖ್ಯೆಯನ್ನು ಹೇಳದೆ ಬಿಟ್ಟಿದೆ. ದರಪಟ್ಟಿ ಬರೆಯುವವರು ಅದನ್ನು ಅಡಿಯಲ್ಲಿ ಒಂದು ಸಾಲಾಗಿ ಅಚ್ಚು ಹಾಕಿಸಬೇಕಿತ್ತು. ಲೀಟರು, ಕಿಲೋಗಳ ವಿಷಯವೂ ಅಷ್ಟೆ. ಸೂತ್ರ ಇರುವುದು ಕಿಲೋದಲ್ಲಿ, ಅಳತೆ ಲೀಟರಿನಲ್ಲಿ. ಹಾಲಿನ ಒಂದು ಲೀಟರು ಸುಮಾರು 1.03 ಕಿಲೋ ತೂಗುತ್ತದೆ. ಹತ್ತು ಲೀಟರನ್ನು ಹತ್ತು ಕಿಲೋ ಎಂದು ಬರೆದರೆ ನಮ್ಮ ಲೆಕ್ಕದ ದರದಲ್ಲಿ 9 ರೂಪಾಯಿ 90 ಪೈಸೆ ಲೆಕ್ಕದ ಸಂದಿಯಲ್ಲಿ ಉದುರಿಹೋಗುತ್ತದೆ.

ಡೇರಿಯವರು 8.5ಕ್ಕೆ ಯಾಕಿಷ್ಟು ಅಂಟಿಕೊಂಡಿದ್ದಾರೆ? ಉತ್ತರ ವಾಕಡದ ಯಾವ ಅಂಗಡಿಯ ಫ್ರಿಜ್ ತೆರೆದರೂ ಸಿಗುತ್ತದೆ. ಕಾತ್ರಜ್, ಚಿತಳೆ, ಗೋಕುಳ್, ಅಮುಲ್, ಯಾವುದೇ ಇರಲಿ, ಟೋನ್ಡ್ ಹಾಲಿನ ಪೊಟ್ಟಣದ ಹಿಂದೆ ಫ್ಯಾಟು 3.0, ಎಸ್‌ಎನ್‌ಎಫ್ 8.5 ಎಂದು ಅಚ್ಚಾಗಿರುತ್ತದೆ. ಅದು ಕಾನೂನು ಕೇಳುವ ಕನಿಷ್ಠ. ಊರಿನಿಂದ 3.5 ಫ್ಯಾಟಿನ ಹಾಲು ಬಂದರೆ ಅರ್ಧ ಪ್ರತಿಶತ ಕೆನೆ ತೆಗೆದು ಬೆಣ್ಣೆ, ತುಪ್ಪ ಮಾಡಿಕೊಳ್ಳಬಹುದು. ಫ್ಯಾಟು ಹೆಚ್ಚಾದಷ್ಟೂ ಲಾಭ. ಎಸ್‌ಎನ್‌ಎಫ್ 8.2 ಬಂದರೆ ಮಾತ್ರ ಪೊಟ್ಟಣ ಕಟ್ಟುವ ಮೊದಲು ಹಾಲಿನ ಪುಡಿ ಕಲಸಿ 8.5ಕ್ಕೆ ಏರಿಸಲೇಬೇಕು, ಪುಡಿಗೆ ದುಡ್ಡು ಕೊಡಲೇಬೇಕು. ವಿಚಿತ್ರವೆಂದರೆ ಹಸುವಿನ ಹಸಿ ಹಾಲಿಗೆ ಈಗಿನ ಆಹಾರ ಸುರಕ್ಷಾ ನಿಯಮ ಕೇಳುವುದು 3.2 ಮತ್ತು 8.3 ಮಾತ್ರ. ಅಂದರೆ 8.3ರ ಹಾಲು ಕಾನೂನಿನ ಕಣ್ಣಿನಲ್ಲಿ ಶುದ್ಧ, ದರಪಟ್ಟಿಯಲ್ಲಿ ದಂಡಾರ್ಹ.

ಗುಣಮಟ್ಟದ ಭಾಗಕ್ಕೆ ಪತ್ರದಲ್ಲಿ ಒಂದೇ ಕಂಡಿಕೆ. ಇಲ್ಲಿ ಪಾಯಿಂಟುಗಳಿಲ್ಲ, ಹಾಲು ಒಳಗೆ ಬರುತ್ತದೆ ಅಥವಾ ವಾಪಸು ಹೋಗುತ್ತದೆ. ಮೊದಲು ಮೂಗು: ಕ್ಯಾನಿನ ಮುಚ್ಚಳ ತೆರೆದ ಕ್ಷಣದಲ್ಲೇ ಪಳಗಿದ ಟೆಸ್ಟರ್ ಹುಳಿಯನ್ನು ಹಿಡಿಯುತ್ತಾನೆ. ಅನುಮಾನ ಬಂದರೆ ಸ್ವಲ್ಪ ಹಾಲನ್ನು ಗಾಜಿನ ನಳಿಗೆಯಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಐದು ನಿಮಿಷ ನಿಲ್ಲಿಸುತ್ತಾನೆ. ಗೋಡೆಗೆ ಕಣ ಅಂಟಿದರೆ ಆ ಹಾಲು ಒಡೆಯುವ ಹಾದಿಯಲ್ಲಿದೆ. ಹುಳಿ ಮುಚ್ಚಲು ಸೋಡಾ ಹಾಕಿದ್ದರೆ ರೊಸಾಲಿಕ್ ಆಮ್ಲದ ಹನಿಗೆ ಹಾಲು ಗುಲಾಬಿಯಾಗುತ್ತದೆ. ಶುದ್ಧ ಹಾಲು ಕಂದುಗಿತ್ತಳೆಯಲ್ಲೇ ನಿಲ್ಲುತ್ತದೆ. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೀಲಿ ಬಣ್ಣದ ಪರೀಕ್ಷೆ. ಹತ್ತು ಮಿಲಿ ಹಾಲಿಗೆ ಒಂದು ಮಿಲಿ ಮೆಥಿಲೀನ್ ಬ್ಲೂ ಹಾಕಿ 37 ಡಿಗ್ರಿಯಲ್ಲಿ ಇಟ್ಟು ಕಾಯುವುದು, ಅಷ್ಟೆ. ಹಾಲಿನೊಳಗಿನ ಬ್ಯಾಕ್ಟೀರಿಯಾಗಳು ಆಮ್ಲಜನಕ ತಿಂದು ಮುಗಿಸಿದ ಹಾಗೆ ನೀಲಿ ಅಳಿದು ಹಾಲು ಮತ್ತೆ ಬೆಳ್ಳಗಾಗುತ್ತದೆ. ಐದು ಗಂಟೆ ಕಳೆದರೂ ನೀಲಿಯೇ ಇದ್ದರೆ ಉತ್ತಮ ಹಾಲು; ಅರ್ಧ ಗಂಟೆಯಲ್ಲೇ ಬಿಳಿಯಾದರೆ ಕೆಟ್ಟ ಹಾಲು. ಕಣ್ಣಿಗೆ ಬಿಳಿ ಎಂದರೆ ಶುದ್ಧ. ಇಲ್ಲಿ ಬೇಗ ಬಿಳಿಯಾಗುವುದೇ ಕೊಳಕಿನ ಗುರುತು. ಈ ನೀಲಿಯನ್ನು ಉಳಿಸಿಕೊಳ್ಳಲು ರೈತನ ಕೈಲಿರುವುದು ಮೂರು: ಕೆಚ್ಚಲು ತೊಳೆದು ಒರೆಸುವುದು, ಪ್ಲಾಸ್ಟಿಕ್ ಕೊಡ ಬಿಟ್ಟು ಸ್ಟೀಲ್ ಕ್ಯಾನ್ ಹಿಡಿಯುವುದು, ಕರೆದ ಹಾಲನ್ನು ತಡಮಾಡದೆ ಶೀತಲೀಕರಣ ತೊಟ್ಟಿಗೆ ಮುಟ್ಟಿಸುವುದು. ಅಲ್ಲಿ 4 ಡಿಗ್ರಿಗೆ ಇಳಿದ ಮೇಲೆ ಹಾಲಿಗೆ ಆತುರವಿಲ್ಲ.

ಇಷ್ಟು ಸವಿದ ಮೇಲೆ ಪಟ್ಟಿಯ ಎಡಭಾಗಕ್ಕೆ ಬಂದೆ. ಎಸ್‌ಎನ್‌ಎಫ್ 8.5ಕ್ಕಿಂತ ಕೆಳಗಿನ ಮನೆಗಳು ಅಲ್ಲಿವೆ. ಸೂತ್ರದ ಪ್ರಕಾರ ಎಸ್‌ಎನ್‌ಎಫ್ 0.1 ಇಳಿದರೆ ನಮ್ಮ ಲೆಕ್ಕದಲ್ಲಿ ದರ ಕಿಲೋಗೆ 24 ಪೈಸೆ ಇಳಿಯಬೇಕು, 0.1 ಏರಿದರೆ 24 ಪೈಸೆ ಏರಬೇಕು. ಪಟ್ಟಿ ಹಾಗಿಲ್ಲ. 8.5ರ ಬಲಕ್ಕೆ ದರ ಮೆತ್ತಗೆ ಏರುತ್ತದೆ, ಎಡಕ್ಕೆ ಮೆಟ್ಟಿಲು ಒಮ್ಮೆಲೆ ಕಡಿದಾಗುತ್ತದೆ. ಮಹಾರಾಷ್ಟ್ರದ ರೈತ ಸಂಘಟನೆಗಳು ಇದನ್ನೇ ರಿವರ್ಸ್ ಪಾಯಿಂಟ್ ಕಡಿತ ಎಂದು ಕರೆದು, ಒಂದು ಪಾಯಿಂಟಿಗೆ ಒಂದು ರೂಪಾಯಿಯವರೆಗೂ ಕಡಿಯುತ್ತಾರೆಂದು ದೂರುತ್ತ ಬಂದಿವೆ. ಹಾಗಾದರೆ 8.2ರ ಹಾಲಿಗೆ ಸೂತ್ರ ಕಳೆಯುವುದು 72 ಪೈಸೆ, ಕಡಿತ ಕಳೆಯುವುದು 3 ರೂಪಾಯಿ. ದಿನಕ್ಕೆ ಇಪ್ಪತ್ತು ಕಿಲೋ ಹಾಕುವವನ ಹತ್ತು ದಿನದ ಬಟವಾಡೆಯಲ್ಲಿ 144 ರೂಪಾಯಿ ಹೋಗಬೇಕಾದಲ್ಲಿ 600 ಹೋಗುತ್ತದೆ.

ಡೇರಿಯ ಪಕ್ಷದಲ್ಲೂ ಮಾತಿದೆ. ಸೂತ್ರ ನೀರಿಗೆ ಬೆಲೆ ಕೊಡದಿದ್ದರೂ ಆ ನೀರನ್ನು ಲಾರಿಯಲ್ಲಿ ಹೊತ್ತು ತರುವ, ತಂಪು ಮಾಡುವ ಖರ್ಚು ಡೇರಿಯ ತಲೆಯ ಮೇಲೆ. ಬೆರೆಸಿದ ನೀರು ಯಾವ ಹಳ್ಳದ್ದೋ ಎಂಬ ಭಯ ಬೇರೆ. ದಂಡವೇ ಇಲ್ಲವೆಂದರೆ ಬೆರೆಸುವುದಕ್ಕೆ ಅಳುಕೂ ಇರದು. ಹಾಗಾಗಿ ಗೆರೆಯ ಕೆಳಗೆ ಸ್ವಲ್ಪ ಚುರುಕು ಮುಟ್ಟಿಸುವುದನ್ನು ಒಪ್ಪಬಹುದು. ತೊಂದರೆ ಏನೆಂದರೆ 8.2 ಎಂಬ ಅಂಕಿಗೆ ಬರಲು ನೀರೊಂದೇ ದಾರಿಯಲ್ಲ. ಬೇಸಿಗೆಯಲ್ಲಿ ಮೇವು ಕಡಿಮೆಯಾದರೆ, ಹಿಂಡಿ ಬೂಸಾ ತುಟ್ಟಿಯಾಗಿ ಕಡಿತವಾದರೆ ಎಸ್‌ಎನ್‌ಎಫ್ ಇಳಿಯುತ್ತದೆ. ಹೊರಗೆ ಏನೂ ಕಾಣದ ಕೆಚ್ಚಲು ಬಾವಿದ್ದರೂ ಹಾಲುಸಕ್ಕರೆ ಇಳಿದು ಅಂಕಿ ಬೀಳುತ್ತದೆ.

ಯಾವುದು ನೀರು, ಯಾವುದು ಹಸು ಎಂಬುದಕ್ಕೆ ಪಟ್ಟಿಯೊಳಗೇ ಒಂದು ಸುಳಿವಿದೆ. ಅದನ್ನು ಪತ್ರ ಹೇಳಿಲ್ಲ. ನೀರು ಬೆರೆತರೆ ಫ್ಯಾಟು, ಎಸ್‌ಎನ್‌ಎಫ್ ಎರಡೂ ಒಂದೇ ಪ್ರಮಾಣದಲ್ಲಿ ಇಳಿಯಬೇಕು. 8.5 ಇದ್ದದ್ದು 8.2 ಆದರೆ 3.5 ಇದ್ದ ಫ್ಯಾಟು 3.4ರ ಆಸುಪಾಸಿಗೆ ಬರುತ್ತದೆ. ಎಸ್‌ಎನ್‌ಎಫ್ ಮಾತ್ರ ಬಿದ್ದು ಫ್ಯಾಟು ಇದ್ದಲ್ಲೇ ಇದ್ದರೆ ಅಥವಾ ಏರಿದ್ದರೆ ಅನುಮಾನ ಮೊದಲು ಕೊಟ್ಟಿಗೆಯ ಕಡೆ ತಿರುಗಬೇಕು. ಫ್ಯಾಟು ದಿನದಿನಕ್ಕೆ ತೂಗಾಡುವುದರಿಂದ ಒಂದು ಹೊತ್ತಿನ ಚೀಟಿ ಸಾಲದು. ಒಂದು ವಾರದ ಚೀಟಿಗಳನ್ನು ಸಾಲಾಗಿ ಇಟ್ಟು ನೋಡಬೇಕು. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೂ ಇದೆ. ಕರೆಯುವ ಮೊದಲು ಪ್ರತಿ ಮೊಲೆಯ ಒಂದೆರಡು ಧಾರೆಯನ್ನು ಕಪ್ಪು ತಟ್ಟೆಯ ಮೇಲೆ ಬೀಳಿಸಿದರೆ ಬಾವಿರುವ ಮೊಲೆಯ ಹಾಲಿನಲ್ಲಿ ಬಿಳಿ ತುಣುಕು ಕಾಣುತ್ತದೆ. ಮರೆಯಲ್ಲಿರುವ ಬಾವು ಇದಕ್ಕೂ ಸಿಗದೆ ಇರಬಹುದು, ಆಗ ಪಶುವೈದ್ಯರ ಕೈಲಿರುವ ಸಿಎಂಟಿ ದ್ರಾವಣ ಬೇಕು.

ಕಾಕಾನ ಚೀಟಿಗಳನ್ನು ಹೀಗೆ ಸಾಲಾಗಿ ಇಟ್ಟು ನೋಡಿದೆವು. ಎಸ್‌ಎನ್‌ಎಫ್ 8.2, 8.3ರ ನಡುವೆ, ಫ್ಯಾಟು 3.7ರಿಂದ ಕೆಳಗಿಳಿದಿಲ್ಲ. ಎರಡು ಹಸುಗಳ ಹಾಲನ್ನು ಒಂದೇ ಕ್ಯಾನಿಗೆ ಹಾಕುತ್ತಾರೆ, ಹಾಗಾಗಿ ಯಾವುದರ ತೊಂದರೆ ಎಂದು ಚೀಟಿಯಿಂದ ಹೇಳುವಂತಿಲ್ಲ. ಎರಡು ದಿನ ಬೇರೆಬೇರೆಯಾಗಿ ಒಯ್ದು ಪರೀಕ್ಷೆ ಮಾಡಿಸಲು ಸಂಘದ ಕಾರ್ಯದರ್ಶಿ ಒಪ್ಪಿದ್ದಾರೆ.